ಹದೀಸ್ ಸನದ್‌ಗಳ ದರ್ಜೆ ನಿರ್ಣಯ: ಸಹೀಹ್, ಹಸನ್, ಝಈಫ್

ಪ್ರವಾದಿ ಮುಹಮ್ಮದರು ಆಡಿದ ಮಾತು, ಮಾಡಿದ ಕೆಲಸ, ತಮ್ಮ ಕಣ್ಣೆದುರು ನಡೆದಾಗ ಬೇಡವೆನ್ನದೆ ಬಿಟ್ಟ ಸಂಗತಿ, ಇವುಗಳ ವರದಿಗೆ ಹದೀಸ್ ಎಂದು ಹೆಸರು. ಪ್ರತಿಯೊಂದು ಹದೀಸಿಗೂ ಎರಡು ಭಾಗಗಳಿವೆ. ಹೇಳಿದ ವಿಷಯವೇ ಮತ್ನ್. ಆ ವಿಷಯ ಯಾರ ಬಾಯಿಂದ ಯಾರ ಕಿವಿಗೆ ಬಿತ್ತು ಎಂಬುದನ್ನು ಹೆಸರು ಹಿಡಿದು ಹೇಳುವ ಸಾಲು ಸನದ್. ಇದನ್ನು ಇಸ್ನಾದ್ ಎಂದೂ ಕರೆಯುತ್ತಾರೆ. ಮುಹದ್ದಿಸರು, ಅಂದರೆ ಹದೀಸ್ ವಿದ್ವಾಂಸರು, ಈ ಸಾಲನ್ನು ಪರೀಕ್ಷಿಸಿ ವರದಿಯನ್ನು ಸಹೀಹ್ (ಪ್ರಬಲ), ಹಸನ್ (ಉತ್ತಮ), ಝಈಫ್ (ದುರ್ಬಲ) ಎಂದು ಮೂರು ದರ್ಜೆಗೆ ಹಂಚಿದರು. ಇಲ್ಲಿ ವಿವರಿಸಿರುವುದು ಸುನ್ನಿ ಪರಂಪರೆಯ ವಿಧಾನ. ಶಿಯಾ ವಿದ್ವಾಂಸರ ದರ್ಜೆಗಳು ಬೇರೆ ದಾರಿಯಲ್ಲಿ ಬೆಳೆದವು.

ಸನದ್ ಕೇಳುವ ರೂಢಿ ಮೊದಲ ದಿನದಿಂದಲೇ ಇರಲಿಲ್ಲ. ಆರಂಭದಲ್ಲಿ ಯಾರೂ ಸನದ್ ಕೇಳುತ್ತಿರಲಿಲ್ಲ, ಮುಸ್ಲಿಮರೊಳಗೆ ಅಂತಃಕಲಹ ಹುಟ್ಟಿದ ಮೇಲೆ ‘ನಿಮಗೆ ಹೇಳಿದವರು ಯಾರು’ ಎಂದು ಕೇಳತೊಡಗಿದರು ಎಂಬರ್ಥದ ಮಾತು ಬಸ್ರಾದ ಇಬ್ನ್ ಸೀರೀನ್ (ನಿಧನ 729) ಅವರ ಹೆಸರಿನಲ್ಲಿ ಉಳಿದುಬಂದಿದೆ. ಎಂಟನೆಯ ಶತಮಾನದಲ್ಲಿ ಬಸ್ರಾದ ಶುಅ್‌ಬಾ ಇಬ್ನುಲ್ ಹಜ್ಜಾಜ್ ಮತ್ತು ಅವರ ಶಿಷ್ಯ ಯಹ್ಯಾ ಅಲ್ ಕತ್ತಾನ್ ವರದಿಗಾರರ ಗುಣದೋಷಗಳನ್ನು ಬಹಿರಂಗವಾಗಿ ಹೇಳತೊಡಗಿದರು. ಒಂಬತ್ತನೆಯ ಶತಮಾನದಲ್ಲಿ ಯಹ್ಯಾ ಇಬ್ನ್ ಮಈನ್, ಅಲೀ ಇಬ್ನುಲ್ ಮದೀನಿ, ಅಹ್ಮದ್ ಇಬ್ನ್ ಹಂಬಲ್, ಅವರ ನಂತರ ಬುಖಾರಿ (ನಿಧನ 870), ಮುಸ್ಲಿಮ್ (ನಿಧನ 875), ತಿರ್ಮಿದಿ (ನಿಧನ 892) ಈ ಕೆಲಸವನ್ನು ಪೂರ್ಣ ಪ್ರಮಾಣದ ಶಾಸ್ತ್ರವಾಗಿ ಬೆಳೆಸಿದರು. ಪಠ್ಯಪುಸ್ತಕದ ವ್ಯಾಖ್ಯೆಗಳು ಬಂದದ್ದು ಇನ್ನೂ ತಡವಾಗಿ. ಡಮಾಸ್ಕಸ್‌ನಲ್ಲಿ ಪಾಠ ಹೇಳುತ್ತಿದ್ದ ಇಬ್ನುಸ್ಸಲಾಹ್ (ನಿಧನ 1245) ಹಿಂದಿನವರು ಅಲ್ಲಲ್ಲಿ ಆಡಿದ ಮಾತುಗಳನ್ನು ಒಟ್ಟುಮಾಡಿ ವ್ಯಾಖ್ಯೆಗೆ ಇಳಿಸಿದರು. ಆದ್ದರಿಂದ ಒಂಬತ್ತನೆಯ ಶತಮಾನದ ವಿಮರ್ಶಕರು ವ್ಯಾಖ್ಯೆಯೊಂದನ್ನು ಎದುರಿಗಿಟ್ಟುಕೊಂಡು ದರ್ಜೆ ಕೊಟ್ಟರು ಎಂದುಕೊಂಡರೆ ತಪ್ಪಾಗುತ್ತದೆ. ಅವರ ತೀರ್ಮಾನಗಳು ಮೊದಲು ಬಂದವು, ವ್ಯಾಖ್ಯೆ ಆಮೇಲೆ ಬಂತು.

ಪರೀಕ್ಷೆಯ ಮೊದಲ ಹೆಜ್ಜೆ ಸಾಲು ಎಲ್ಲಿಯೂ ಕಡಿದಿಲ್ಲ ಎಂದು ಖಚಿತಪಡಿಸಿಕೊಳ್ಳುವುದು. ಇದಕ್ಕಾಗಿ ಹುಟ್ಟಿದ ವರ್ಷ, ಸತ್ತ ವರ್ಷ, ಯಾವ ಊರಿನಲ್ಲಿ ಎಷ್ಟು ಕಾಲ ಇದ್ದರು, ಯಾರ ಬಳಿ ಓದಿದರು ಎಂಬ ವಿವರಗಳು ಬೇಕಾದವು. ವರದಿಗಾರರ ಜೀವನ ಸಂಗತಿಗಳ ದೊಡ್ಡ ದೊಡ್ಡ ಕೋಶಗಳು ಹುಟ್ಟಿದ್ದು ಈ ಅಗತ್ಯದಿಂದ. ಆದರೆ ಇಬ್ಬರೂ ಒಂದೇ ಕಾಲದವರು ಎಂದು ಗೊತ್ತಾದರೂ ಪ್ರಶ್ನೆ ಮುಗಿಯುವುದಿಲ್ಲ. ‘ನನಗೆ ಹೇಳಿದರು’ ಎಂದು ವರದಿಗಾರ ಸ್ಪಷ್ಟವಾಗಿ ನುಡಿದರೆ ಸರಿ. ಬರೀ ‘ಇಂಥವರಿಂದ’ ಎಂದರೆ ನೇರವಾಗಿ ಕೇಳಿದ್ದೋ, ನಡುವೆ ಇನ್ನೊಬ್ಬರಿದ್ದರೋ ತಿಳಿಯದು. ಗುರುವಿನಿಂದ ತಾನು ಕೇಳದೇ ಇದ್ದದ್ದನ್ನು ಕೇಳಿದಂತೆ ತೋರುವ ಹಾಗೆ ಹೇಳುವುದಕ್ಕೆ ತದ್ಲೀಸ್ ಎನ್ನುತ್ತಾರೆ. ಒಳ್ಳೆಯ ಹೆಸರಿದ್ದ ಕೆಲವು ವಿದ್ವಾಂಸರಿಗೂ ಈ ಅಭ್ಯಾಸವಿತ್ತು. ಬಸ್ರಾದ ಕತಾದಾ ಪಾಠ ಹೇಳುವಾಗ ಶುಅ್‌ಬಾ ಅವರ ಬಾಯನ್ನೇ ನೋಡುತ್ತಿದ್ದರಂತೆ. ‘ನಮಗೆ ಹೇಳಿದರು’ ಎಂದಾಗ ಬರೆದುಕೊಳ್ಳುವುದು, ‘ಇಂಥವರು ಅಂದರು’ ಎಂದಾಗ ಬಿಟ್ಟುಬಿಡುವುದು. ಈಜಿಪ್ಟಿನ ಲೈಸ್ ಇಬ್ನ್ ಸಅದ್ (ನಿಧನ 791) ಮಕ್ಕಾದ ಅಬೂ ಝುಬೈರ್ ಅವರಿಂದ ಎರಡು ಹೊತ್ತಗೆಗಳನ್ನು ಪಡೆದರು. ಆಮೇಲೆ, ಇದೆಲ್ಲವನ್ನೂ ಪ್ರವಾದಿಯ ಸಂಗಾತಿ, ಅಂದರೆ ಸಹಾಬಿ, ಜಾಬಿರರ ಬಾಯಿಂದಲೇ ಕೇಳಿದ್ದೀರಾ ಎಂದು ವಿಚಾರಿಸಿದರು. ಕೆಲವು ಕೇಳಿದ್ದು, ಕೆಲವು ಇತರರು ಹೇಳಿದ್ದು ಎಂದು ಉತ್ತರ ಬಂತು. ಹಾಗಾದರೆ ಕೇಳಿದ್ದಕ್ಕೆ ಗುರುತು ಹಾಕಿಕೊಡಿ ಎಂದು ಹಾಕಿಸಿಕೊಂಡರು. ಅಬೂ ಝುಬೈರರು ಜಾಬಿರರ ಹೆಸರಿನಲ್ಲಿ ‘ಇಂಥವರಿಂದ’ ಎಂದಷ್ಟೇ ಹೇಳಿದ ವರದಿ ಲೈಸರ ಮೂಲಕ ಬಂದಿದ್ದರೆ ಅನೇಕ ವಿಮರ್ಶಕರು ನೆಮ್ಮದಿಯಿಂದ ಒಪ್ಪುವುದಕ್ಕೆ ಆ ಗುರುತುಗಳೇ ಕಾರಣ.

ತದ್ಲೀಸ್‌ನ ಆರೋಪವಿಲ್ಲದವರ ವಿಷಯದಲ್ಲಿಯೂ ಒಮ್ಮತವಿರಲಿಲ್ಲ. ಇಬ್ಬರೂ ಸಮಕಾಲೀನರಾಗಿದ್ದು, ಭೇಟಿ ಸಾಧ್ಯವಿದ್ದರೆ ಸಾಕು ಎಂದು ಮುಸ್ಲಿಮ್ ತಮ್ಮ ಸಂಗ್ರಹದ ಪೀಠಿಕೆಯಲ್ಲಿ ಖಾರವಾಗಿಯೇ ವಾದಿಸಿದ್ದಾರೆ. ಒಮ್ಮೆಯಾದರೂ ಭೇಟಿಯಾದದ್ದಕ್ಕೆ ಆಧಾರ ಬೇಕು ಎಂಬ ಬಿಗಿಯಾದ ನಿಲುವನ್ನು ಬುಖಾರಿ ಮತ್ತು ಅವರ ಗುರು ಇಬ್ನುಲ್ ಮದೀನಿಯವರದೆಂದು ಹೇಳುತ್ತಾರೆ.

ಎರಡನೆಯ ಹೆಜ್ಜೆ ಸಾಲಿನಲ್ಲಿರುವ ಒಬ್ಬೊಬ್ಬರನ್ನೂ ಅಳೆಯುವುದು. ಪ್ರವಾದಿಯ ಸಹಾಬಿಗಳನ್ನು ಪ್ರಾಮಾಣಿಕರೆಂದು ಒಪ್ಪಿಕೊಂಡು, ಪರೀಕ್ಷೆ ಅವರ ನಂತರದ ತಲೆಮಾರಿನಿಂದ ಶುರುವಾಗುತ್ತದೆ. ಅಳತೆಗಳು ಎರಡು. ಅದಾಲತ್ ಎಂದರೆ ನಂಬಿಕೆಗೆ ಯೋಗ್ಯವಾದ ನಡತೆ. ಝಬ್ತ್ ಎಂದರೆ ಕೇಳಿದ್ದನ್ನು ನೆನಪಿನಲ್ಲಾಗಲಿ ಪುಸ್ತಕದಲ್ಲಾಗಲಿ ಕೆಡದಂತೆ ಹಿಡಿದಿಟ್ಟುಕೊಳ್ಳುವ ಶಕ್ತಿ. ಈ ಶಾಸ್ತ್ರದ ಪರಿಚಯ ಇಲ್ಲದವರು ಮೊದಲನೆಯದೇ ಮುಖ್ಯ ಎಂದುಕೊಳ್ಳುತ್ತಾರೆ. ವಿಮರ್ಶಕರ ಕೃತಿಗಳನ್ನು ಓದಿದರೆ ಅವರ ಶ್ರಮದ ಬಹುಪಾಲು ಎರಡನೆಯದಕ್ಕೆ ಹೋದದ್ದು ಕಾಣುತ್ತದೆ. ಮದೀನಾದಲ್ಲಿ ನೂರು ಮಂದಿಯನ್ನು ಕಂಡೆ, ಎಲ್ಲರೂ ನಂಬಿಕಸ್ಥರು, ಆದರೂ ಅವರಿಂದ ಹದೀಸ್ ತೆಗೆದುಕೊಳ್ಳುವಂತಿರಲಿಲ್ಲ ಎಂಬ ಅಬೂ ಝಿನಾದರ ಅಭಿಪ್ರಾಯವನ್ನು ಮುಸ್ಲಿಮ್ ಅದೇ ಪೀಠಿಕೆಯಲ್ಲಿ ದಾಖಲಿಸಿದ್ದಾರೆ. ಧರ್ಮಿಷ್ಠರ ಬಾಯಲ್ಲಿ ಹದೀಸಿನ ವಿಷಯದಲ್ಲಿ ಸುಳ್ಳು ಹೆಚ್ಚು ಎಂದು ಯಹ್ಯಾ ಅಲ್ ಕತ್ತಾನ್ ಹೇಳಿದ್ದೂ ಅಲ್ಲಿದೆ. ಬೇಕೆಂದು ಸುಳ್ಳಾಡುತ್ತಾರೆಂದು ಅರ್ಥವಲ್ಲ, ಅರಿವಿಲ್ಲದೆ ನಾಲಗೆ ಜಾರುತ್ತದೆ ಎಂದು ಮುಸ್ಲಿಮ್ ವಿವರಣೆ ಸೇರಿಸುತ್ತಾರೆ.

ಬೇರೊಬ್ಬರ ನೆನಪಿನ ಶಕ್ತಿಯನ್ನು ಅಳೆಯುವುದು ಹೇಗೆ? ಹೋಲಿಸಿ ನೋಡುವುದೊಂದೇ ದಾರಿ. ಒಬ್ಬ ಗುರುವಿನ ಹಲವು ಶಿಷ್ಯರು ಒಂದೇ ಹದೀಸನ್ನು ಹೇಗೆ ಹೇಳುತ್ತಾರೆಂದು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಯಹ್ಯಾ ಇಬ್ನ್ ಮಈನ್ (ನಿಧನ 848) ಬಸ್ರಾದ ಹಮ್ಮಾದ್ ಇಬ್ನ್ ಸಲಮಾ ಅವರ ಪುಸ್ತಕಗಳನ್ನು ಕೇಳಲು ಮೂಸಾ ಇಬ್ನ್ ಇಸ್ಮಾಈಲ್ ಎಂಬವರಲ್ಲಿಗೆ ಹೋದ ಪ್ರಸಂಗವನ್ನು ಇಬ್ನ್ ಹಿಬ್ಬಾನ್ ಬರೆದಿಟ್ಟಿದ್ದಾರೆ. ಈ ಪುಸ್ತಕಗಳನ್ನು ಬೇರೆ ಯಾರಿಂದಲೂ ಕೇಳಿಲ್ಲವೇ ಎಂದು ಮೂಸಾ ಕೇಳಿದರು. ಹದಿನೇಳು ಮಂದಿಯಿಂದ ಕೇಳಿದ್ದೇನೆ, ನೀವು ಹದಿನೆಂಟನೆಯವರು ಎಂದರು ಇಬ್ನ್ ಮಈನ್. ಅಷ್ಟು ಯಾಕೆ ಬೇಕು ಎಂದದ್ದಕ್ಕೆ ಅವರು ಕೊಟ್ಟ ಕಾರಣ ಇದು: ಹಮ್ಮಾದರೂ ತಪ್ಪುತ್ತಿದ್ದರು, ಅವರ ಶಿಷ್ಯರೂ ತಪ್ಪುತ್ತಾರೆ. ಎಲ್ಲ ಶಿಷ್ಯರೂ ಒಂದೇ ತಪ್ಪು ಹೇಳಿದರೆ ಅದು ಗುರುವಿನದು. ಒಬ್ಬ ಮಾತ್ರ ಬೇರೆ ಹೇಳಿ ಉಳಿದವರೆಲ್ಲ ಒಂದೇ ಆಗಿದ್ದರೆ ತಪ್ಪು ಆ ಒಬ್ಬನದು. ಈ ಶಾಸ್ತ್ರದ ತಿರುಳು ಈ ಉತ್ತರದಲ್ಲಿದೆ. ವರದಿಗಾರನ ದರ್ಜೆ ಎಂದರೆ ಅವನ ವರದಿಗಳನ್ನೆಲ್ಲ ಇತರರ ವರದಿಗಳ ಜೊತೆ ತಾಳೆ ನೋಡಿದ ಮೇಲೆ ಉಳಿಯುವ ಲೆಕ್ಕ.

ಆ ಲೆಕ್ಕವನ್ನು ವಿಮರ್ಶಕರು ಒಂದೆರಡು ಶಬ್ದಗಳಲ್ಲಿ ಹೇಳುತ್ತಿದ್ದರು. ನಡತೆ, ನೆನಪು ಎರಡೂ ಗಟ್ಟಿಯಾಗಿದ್ದರೆ ಸಿಕಾ. ಸತ್ಯವಂತ, ಆದರೆ ಆಗೀಗ ತಪ್ಪುತ್ತಾನೆ ಎಂದರೆ ಸದೂಕ್. ಮುಂದೆ ಝಈಫ್, ಅದಕ್ಕಿಂತ ಕೆಳಗೆ ಮತ್ರೂಕ್, ಅಂದರೆ ಕೈಬಿಟ್ಟವನು. ಎಲ್ಲಕ್ಕಿಂತ ಕೆಳಗೆ ಕಝ್ಝಾಬ್, ಸುಳ್ಳುಗಾರ. ಕೈರೋದ ಇಬ್ನ್ ಹಜರ್ ಅಲ್ ಅಸ್ಕಲಾನಿ (ನಿಧನ 1449) ತಮ್ಮ ಕೈಪಿಡಿಯಲ್ಲಿ ಈ ಮೆಟ್ಟಿಲುಗಳನ್ನು ಹನ್ನೆರಡಕ್ಕೆ ಹೊಂದಿಸಿದರು.

ಇಬ್ನುಸ್ಸಲಾಹ್ ಕೊಟ್ಟ ವ್ಯಾಖ್ಯೆಯಂತೆ ಸಹೀಹ್‌ಗೆ ಐದು ಷರತ್ತುಗಳು. ಸಾಲು ಅಖಂಡವಾಗಿರಬೇಕು, ಪ್ರತಿಯೊಬ್ಬರೂ ನಡತೆಯಲ್ಲಿಯೂ ನೆನಪಿನಲ್ಲಿಯೂ ಗಟ್ಟಿಯಾಗಿರಬೇಕು, ತನಗಿಂತ ಹೆಚ್ಚು ನಂಬಿಕಸ್ಥರಿಗೆ ವರದಿ ವಿರುದ್ಧವಾಗಿರಬಾರದು, ಇಲ್ಲತ್ ಎಂಬ ಒಳದೋಷ ಇರಬಾರದು. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಹೊರಗಿನಿಂದ ಸನದ್ ನಿಷ್ಕಳಂಕವಾಗಿ ಕಾಣುತ್ತದೆ. ಯಅ್‌ಲಾ ಇಬ್ನ್ ಉಬೈದ್ ಎಂಬ ನಂಬಿಕಸ್ಥರು ಸುಫ್ಯಾನ್ ಸೌರಿಯವರಿಂದ, ಅವರು ಅಮ್ರ್ ಇಬ್ನ್ ದೀನಾರ್ ಅವರಿಂದ ಎಂದು ವ್ಯಾಪಾರದ ಹದೀಸೊಂದನ್ನು ಹೇಳಿದರು. ಸುಫ್ಯಾನರ ಇತರ ಶಿಷ್ಯರೆಲ್ಲರೂ ಅಬ್ದುಲ್ಲಾ ಇಬ್ನ್ ದೀನಾರ್ ಎಂದಿದ್ದಾರೆ. ಇಬ್ಬರು ದೀನಾರ್ ಪುತ್ರರೂ ನಂಬಿಕಸ್ಥರೇ, ವಿಷಯವೂ ಸರಿಯೇ. ಆದರೂ ಈ ನಿರ್ದಿಷ್ಟ ಸನದ್ ದೋಷಯುಕ್ತ. ಒಬ್ಬೊಬ್ಬರನ್ನೇ ಕೋಶದಲ್ಲಿ ಹುಡುಕಿ ‘ಸಿಕಾ’ ಎಂದು ಕಂಡ ಕೂಡಲೇ ಸಹೀಹ್ ಎಂದುಬಿಡುವವರಿಗೆ ಈ ತಪ್ಪು ಎಂದೂ ಸಿಗದು. ಬೇರೆ ಶಿಷ್ಯರ ವರದಿಗಳನ್ನು ಒಟ್ಟುಗೂಡಿಸಿದವರಿಗೆ ಮಾತ್ರ ಸಿಗುತ್ತದೆ.

ಸಹೀಹ್ ಮತ್ತು ಝಈಫ್‌ಗಳ ನಡುವೆ ಹಸನ್ ಹುಟ್ಟಿದ್ದು ನೆನಪಿನ ಪ್ರಶ್ನೆಯಿಂದಲೇ. ತಿರ್ಮಿದಿಯವರ ಹಿಂದಿನವರೂ ಈ ಶಬ್ದವನ್ನು ಬಳಸಿದ್ದುಂಟು, ಅದಕ್ಕೆ ಸ್ಥಿರವಾದ ಜಾಗ ಕೊಟ್ಟವರು ತಿರ್ಮಿದಿ. ಸನದಿನಲ್ಲಿ ಸುಳ್ಳಿನ ಆರೋಪ ಹೊತ್ತವರು ಇರಬಾರದು, ಹೆಚ್ಚು ನಂಬಿಕಸ್ಥರಿಗೆ ವಿರುದ್ಧವಾಗಿರಬಾರದು, ಅಂಥದೇ ವರದಿ ಬೇರೆ ದಾರಿಯಿಂದಲೂ ಬಂದಿರಬೇಕು ಎಂಬುದು ಅವರ ಮಾತಿನ ಸಾರ. ನಂತರದವರು ಇದನ್ನು ಎರಡಾಗಿ ಬಿಡಿಸಿದರು. ಸಹೀಹ್‌ನ ಉಳಿದೆಲ್ಲ ಷರತ್ತುಗಳಿದ್ದು ನೆನಪು ಮಾತ್ರ ಸ್ವಲ್ಪ ಸಡಿಲವಾಗಿದ್ದರೆ ಅದು ತನ್ನಿಂದಲೇ ಹಸನ್. ತಾನಾಗಿ ದುರ್ಬಲವಿದ್ದು ಇತರ ದಾರಿಗಳ ಬೆಂಬಲದಿಂದ ಮೇಲೆ ಬಂದರೆ ಅದು ಬೆಂಬಲದಿಂದ ಹಸನ್.

ಇದೇ ರೀತಿ ಬೆಂಬಲ ಸಿಕ್ಕರೆ ಹಸನ್ ವರದಿಯೂ ಸಹೀಹ್‌ಗೆ ಏರುತ್ತದೆ. ಇದಕ್ಕೆ ಇಬ್ನುಸ್ಸಲಾಹ್ ಆರಿಸಿದ ಉದಾಹರಣೆ ಮಿಸ್ವಾಕಿನ ಹದೀಸ್. ತನ್ನ ಸಮುದಾಯಕ್ಕೆ ಹೊರೆಯಾಗುತ್ತದೆಂಬ ಅಳುಕು ಇಲ್ಲದಿದ್ದರೆ ಪ್ರತಿ ನಮಾಝಿನ ಹೊತ್ತಿಗೂ ಮಿಸ್ವಾಕ್ ಕಡ್ಡಿಯಿಂದ ಹಲ್ಲುಜ್ಜಲು ಆಜ್ಞಾಪಿಸುತ್ತಿದ್ದೆ ಎಂದು ಪ್ರವಾದಿ ಹೇಳಿದರೆಂಬುದು ಅದರ ವಿಷಯ. ತಿರ್ಮಿದಿಯವರ ಸಂಗ್ರಹದಲ್ಲಿ ಇದರ ಸನದ್ ಹೀಗಿದೆ: ಅಬೂ ಕುರೈಬ್, ಅವರಿಗೆ ಅಬ್ದಾ ಇಬ್ನ್ ಸುಲೈಮಾನ್, ಅವರಿಗೆ ಮುಹಮ್ಮದ್ ಇಬ್ನ್ ಅಮ್ರ್, ಅವರಿಗೆ ಅಬೂ ಸಲಮಾ, ಅವರಿಗೆ ಸಹಾಬಿ ಅಬೂ ಹುರೈರಾ.

ಈ ಸಾಲಿನಲ್ಲಿ ಕಣ್ಣು ನಿಲ್ಲುವುದು ಮದೀನಾದ ಮುಹಮ್ಮದ್ ಇಬ್ನ್ ಅಮ್ರ್ ಅವರ ಮೇಲೆ. ಸಜ್ಜನ, ಆದರೆ ಹದೀಸಿನಲ್ಲಿ ಎಲ್ಲರಿಗಿಂತ ಗಟ್ಟಿ ನೆನಪಿನವರಲ್ಲ ಎಂಬುದು ಯಹ್ಯಾ ಅಲ್ ಕತ್ತಾನರ ಅಭಿಪ್ರಾಯ. ಇಬ್ನ್ ಮಈನ್ ಇನ್ನೂ ನಿಖರವಾಗಿ ದೋಷವನ್ನು ಹೆಸರಿಸಿದರು. ಅಬೂ ಸಲಮಾ ತಮ್ಮ ಸ್ವಂತ ಅಭಿಪ್ರಾಯವಾಗಿ ಹೇಳಿದ್ದನ್ನು ಮುಹಮ್ಮದ್ ಒಮ್ಮೆ ಹಾಗೆಯೇ ವರದಿ ಮಾಡುತ್ತಿದ್ದರು, ಇನ್ನೊಮ್ಮೆ ಅದನ್ನೇ ಅಬೂ ಸಲಮಾ ಅಬೂ ಹುರೈರಾರಿಂದ ಹೇಳಿದ್ದೆಂದು ವರದಿ ಮಾಡುತ್ತಿದ್ದರು. ಸುಳ್ಳಲ್ಲ, ಮರೆವು. ಆದರೆ ಆ ಮರೆವು ಬೀಳುತ್ತಿದ್ದ ಜಾಗ ಅಪಾಯಕರ, ಏಕೆಂದರೆ ಸಾಲಿಗೆ ಒಂದು ಕೊಂಡಿ ಹೆಚ್ಚಾಗಿ, ಗುರುವಿನ ಮಾತಿಗೆ ಸಹಾಬಿಯ ಹೆಸರು ಅಂಟಿಕೊಳ್ಳುತ್ತದೆ. ಇಬ್ನ್ ಹಜರ್ ಇವರನ್ನು ಸದೂಕ್, ಕೆಲವು ತಪ್ಪುಗಳುಂಟು ಎಂದು ಬರೆದರು. ಬುಖಾರಿ ಇವರನ್ನು ಇನ್ನೊಬ್ಬರ ಜೊತೆಗಿಟ್ಟು ಮಾತ್ರ ತೆಗೆದುಕೊಂಡರು, ಮುಸ್ಲಿಮ್ ಪೋಷಕ ವರದಿಯಾಗಿ ಮಾತ್ರ. ಆದ್ದರಿಂದ ಈ ಸನದ್ ಒಂಟಿಯಾಗಿ ನಿಂತರೆ ಹಸನ್, ಅಷ್ಟೆ.

ಆದರೆ ಅದು ಒಂಟಿಯಲ್ಲ. ಬುಖಾರಿಯವರಲ್ಲಿ ಇದೇ ಹದೀಸ್ ಇಮಾಮ್ ಮಾಲಿಕ್, ಅಬೂ ಝಿನಾದ್, ಅಲ್ ಅಅ್‌ರಜ್, ಅಬೂ ಹುರೈರಾ ಎಂಬ ಸಾಲಿನಲ್ಲಿ ಬಂದಿದೆ. ಮುಸ್ಲಿಮರಲ್ಲಿ ಮಾಲಿಕರ ಬದಲು ಸುಫ್ಯಾನ್ ಇಬ್ನ್ ಉಯೈನಾ ಇದ್ದಾರೆ, ಮುಂದಿನ ದಾರಿ ಅದೇ. ಈ ಸಾಲಿನಲ್ಲಿ ಮುಹಮ್ಮದ್ ಇಬ್ನ್ ಅಮ್ರ್ ಇಲ್ಲ, ಅಬೂ ಸಲಮಾ ಕೂಡ ಇಲ್ಲ. ಅಂದರೆ ಅಬೂ ಹುರೈರಾ ಈ ಮಾತು ಹೇಳಿದ್ದು ಇನ್ನೊಬ್ಬ ಶಿಷ್ಯನ ಮೂಲಕ ಸ್ವತಂತ್ರವಾಗಿ ತಿಳಿಯುತ್ತದೆ. ಮುಹಮ್ಮದರ ನೆನಪಿನ ಬಗ್ಗೆ ಇದ್ದ ಶಂಕೆ ಈ ಹದೀಸಿನ ಮಟ್ಟಿಗೆ ತೀರಿತು, ಅವರ ಸನದ್ ಹಸನ್‌ನಿಂದ ‘ಬೆಂಬಲದಿಂದ ಸಹೀಹ್’ ದರ್ಜೆಗೆ ಏರಿತು. ಅವರ ಸ್ವಂತ ದರ್ಜೆ ಮಾತ್ರ ಇದರಿಂದ ಏರಲಿಲ್ಲ. ಮುಂದಿನ ವರದಿಗೆ ಅವರು ಮತ್ತೆ ಸದೂಕ್ ಆಗಿಯೇ ಬರುತ್ತಾರೆ.

ಇಲ್ಲಿಗೆ ಪಠ್ಯಪುಸ್ತಕದ ಉದಾಹರಣೆ ಮುಗಿಯುತ್ತದೆ. ತಿರ್ಮಿದಿ ಇನ್ನೂ ಮುಂದೆ ಹೋಗುತ್ತಾರೆ, ನಿಜವಾದ ವಿಮರ್ಶೆ ಹೇಗಿತ್ತೆಂದು ತೋರುವುದು ಆ ಭಾಗವೇ. ಇದೇ ಮಾತನ್ನು ಮುಹಮ್ಮದ್ ಇಬ್ನ್ ಇಸ್‌ಹಾಕ್, ಮುಹಮ್ಮದ್ ಇಬ್ನ್ ಇಬ್ರಾಹೀಮ್ ಎಂಬವರ ಮೂಲಕ ಅದೇ ಅಬೂ ಸಲಮಾರಿಂದಲೇ ವರದಿ ಮಾಡಿದ್ದಾರೆ. ಆದರೆ ಇಲ್ಲಿ ಅಬೂ ಸಲಮಾರಿಗೆ ಹೇಳಿದವರು ಅಬೂ ಹುರೈರಾ ಅಲ್ಲ, ಝೈದ್ ಇಬ್ನ್ ಖಾಲಿದ್ ಎಂಬ ಇನ್ನೊಬ್ಬ ಸಹಾಬಿ. ಎರಡರಲ್ಲಿ ಯಾವುದು ಸರಿ? ತನಗೆ ಎರಡೂ ಸಹೀಹ್ ಎಂದರು ತಿರ್ಮಿದಿ, ಅಬೂ ಹುರೈರಾರ ವರದಿ ಹಲವು ದಾರಿಗಳಿಂದ ಬಂದಿರುವುದೇ ಅದು ಸಹೀಹ್ ಆಗಲು ಕಾರಣ ಎಂದೂ ಹೇಳಿದರು. ತನ್ನ ಗುರು ಬುಖಾರಿ ಮಾತ್ರ ಝೈದರ ದಾರಿಯೇ ಹೆಚ್ಚು ಪ್ರಬಲ ಎನ್ನುತ್ತಾರೆ ಎಂದು ಭಿನ್ನಾಭಿಪ್ರಾಯವನ್ನೂ ದಾಖಲಿಸಿದರು.

ಬುಖಾರಿಯವರ ಒಲವಿಗೆ ಇಬ್ನ್ ಹಜರ್ ಎರಡು ಕಾರಣಗಳನ್ನು ಕೊಡುತ್ತಾರೆ. ಒಂದನೆಯದು, ಆ ವರದಿಯ ಜೊತೆ ಒಂದು ಘಟನೆ ಇದೆ. ಬರಹಗಾರ ಕಿವಿಯ ಮೇಲೆ ಲೇಖನಿ ಸಿಕ್ಕಿಸಿಕೊಳ್ಳುವಂತೆ ಝೈದ್ ಮಿಸ್ವಾಕನ್ನು ಕಿವಿಯ ಮೇಲಿಟ್ಟುಕೊಂಡು ನಮಾಝಿಗೆ ಬರುತ್ತಿದ್ದರು ಎಂದು ಅಬೂ ಸಲಮಾ ನೆನಪಿಸಿಕೊಂಡಿದ್ದಾರೆ. ಎರಡನೆಯದು, ಇಬ್ನ್ ಇಸ್‌ಹಾಕರ ದಾರಿಗೆ ಬೆಂಬಲವಿದೆ. ಅಹ್ಮದ್ ಇಬ್ನ್ ಹಂಬಲರ ಸಂಗ್ರಹದಲ್ಲಿ ಯಹ್ಯಾ ಇಬ್ನ್ ಅಬೀ ಕಸೀರ್ ಕೂಡ ಅಬೂ ಸಲಮಾರಿಂದ, ಝೈದರಿಂದ ಎಂದೇ ಹೇಳಿದ್ದಾರೆ. ಇದಕ್ಕೆ ಇನ್ನೊಂದನ್ನು ಸೇರಿಸಬಹುದೆಂದು ನನಗೆ ತೋರುತ್ತದೆ. ‘ಅಬೂ ಸಲಮಾ, ಅಬೂ ಹುರೈರಾರಿಂದ’ ಎಂಬುದು ಸವೆದ ಹಾದಿ, ಆ ಜೋಡಿಯಿಂದ ಅಸಂಖ್ಯ ಹದೀಸುಗಳಿವೆ. ನೆನಪು ಸಡಿಲವಾದವರು ಅಪರೂಪದ ಹೆಸರನ್ನು ಬಿಟ್ಟು ಸವೆದ ಹಾದಿಗೇ ಜಾರುತ್ತಾರೆ ಎಂಬುದು ಈ ವಿಮರ್ಶಕರಿಗೆ ಚೆನ್ನಾಗಿ ಗೊತ್ತಿದ್ದ ಸೂತ್ರ. ಮುಹಮ್ಮದ್ ಇಬ್ನ್ ಅಮ್ರ್ ಅವರ ಬಗ್ಗೆ ಇಬ್ನ್ ಮಈನ್ ಹೇಳಿದ್ದೂ ಅದೇ ಬಗೆಯ ಜಾರುವಿಕೆಯನ್ನು. ಗಮನಿಸಬೇಕಾದದ್ದೆಂದರೆ, ಹದೀಸಿನ ವಿಷಯ ಪ್ರಾಮಾಣಿಕವೆಂದು ಗುರು ಶಿಷ್ಯರಿಬ್ಬರಿಗೂ ಒಪ್ಪಿಗೆಯಿದ್ದರೂ, ಒಂದು ಕೊಂಡಿಯಲ್ಲಿ ಯಾರ ಹೆಸರಿರಬೇಕು ಎಂಬುದನ್ನು ಅವರು ಬಿಡಲಿಲ್ಲ.

ಝೈದರ ದಾರಿಯಲ್ಲಿರುವ ಇಬ್ನ್ ಇಸ್‌ಹಾಕ್ ಸ್ವತಃ ವಿವಾದದ ವ್ಯಕ್ತಿ. ಪ್ರವಾದಿಯ ಜೀವನಚರಿತ್ರೆ ಬರೆದ ಇವರನ್ನು ಶುಅ್‌ಬಾ ಬಾಯ್ತುಂಬ ಹೊಗಳಿದರು, ಮಾಲಿಕ್ ಮಹಾವಂಚಕ ಎಂದರು. ಹೀಗೆ ಮಾತುಗಳು ಎದುರುಬದುರಾದಾಗ ಕಾರಣ ಕೊಟ್ಟು ಹೇಳಿದ ದೂಷಣೆಗೆ ಕಾರಣವಿಲ್ಲದ ಹೊಗಳಿಕೆಗಿಂತ ಬೆಲೆ ಹೆಚ್ಚು ಎಂಬ ನಿಯಮ ರೂಪುಗೊಂಡಿತು. ಒಂದೇ ಊರಿನ ಸಮಕಾಲೀನರು ವೈಮನಸ್ಸಿನಿಂದ ಆಡಿದ ಮಾತಿಗೆ ಬೆಲೆ ಕೊಡಬಾರದು ಎಂಬ ಎಚ್ಚರಿಕೆಯೂ ಬಂತು. ಮಾಲಿಕ್ ಮತ್ತು ಇಬ್ನ್ ಇಸ್‌ಹಾಕ್ ಇಬ್ಬರೂ ಮದೀನಾದವರು. ನಂತರದ ಹೆಚ್ಚಿನ ವಿಮರ್ಶಕರು ಇಬ್ನ್ ಇಸ್‌ಹಾಕರಿಗೆ ತದ್ಲೀಸ್‌ನ ಅಭ್ಯಾಸವಿತ್ತೆಂದು ಗುರುತಿಸಿ, ತಾನೇ ಕೇಳಿದ್ದೆಂದು ಸ್ಪಷ್ಟವಾಗಿ ಹೇಳಿದ ವರದಿಗಳನ್ನು ಹಸನ್ ಮಟ್ಟದಲ್ಲಿ ಒಪ್ಪಿದರು.

ಝಈಫ್ ಎಂಬುದು ಒಂದೇ ದರ್ಜೆಯ ಹೆಸರಾದರೂ ಒಳಗೆ ಬಹಳ ಅಂತರವಿದೆ. ಈಜಿಪ್ಟಿನ ಖಾಝಿಯಾಗಿದ್ದ ಅಬ್ದುಲ್ಲಾ ಇಬ್ನ್ ಲಹೀಆ (ನಿಧನ 790) ಸುಳ್ಳುಗಾರರಲ್ಲ. ಅವರ ಪುಸ್ತಕಗಳು ಸುಟ್ಟುಹೋದವೆಂದೂ ಆಮೇಲೆ ಅವರ ವರದಿಗಳು ಕಲಸಿಹೋದವೆಂದೂ ಹೇಳುತ್ತಾರೆ. ಆದ್ದರಿಂದ ಅವರಿಂದ ಯಾರು ಕೇಳಿದರು, ಯಾವಾಗ ಕೇಳಿದರು ಎಂಬುದೇ ದರ್ಜೆಯನ್ನು ಬದಲಿಸುತ್ತದೆ. ಅಬ್ದುಲ್ಲಾ ಇಬ್ನುಲ್ ಮುಬಾರಕ್, ಅಬ್ದುಲ್ಲಾ ಇಬ್ನ್ ವಹಬ್ ಮೊದಲಾದ ಹಳೆಯ ಶಿಷ್ಯರ ಮೂಲಕ ಬಂದದ್ದನ್ನು ಹೆಚ್ಚು ನೆಚ್ಚುತ್ತಾರೆ. ಅವರ ಒಂದು ತಪ್ಪನ್ನು ಮುಸ್ಲಿಮ್ ಬಿಡಿಸಿ ತೋರಿಸಿದ್ದಾರೆ. ಪ್ರವಾದಿ ಮಸೀದಿಯಲ್ಲಿ ಮರೆ ಕಟ್ಟಿಕೊಂಡರು ಎಂಬ ಹದೀಸನ್ನು ಇಬ್ನ್ ಲಹೀಆ, ಮಸೀದಿಯಲ್ಲಿ ಹಿಜಾಮಾ ಚಿಕಿತ್ಸೆಯಿಂದ ರಕ್ತ ತೆಗೆಸಿಕೊಂಡರು ಎಂದು ಹೇಳಿದರು. ಅರಬಿಯಲ್ಲಿ ಆ ಎರಡು ಕ್ರಿಯಾಪದಗಳ ನಡುವೆ ಕೊನೆಯ ಅಕ್ಷರದ ವ್ಯತ್ಯಾಸ ಮಾತ್ರ. ಗುರುವಿನ ಬಾಯಿಂದ ಕೇಳದೆ ಬರಹದಿಂದ ಎತ್ತಿಕೊಂಡದ್ದೇ ಇದಕ್ಕೆ ಕಾರಣ ಎಂದು ಮುಸ್ಲಿಮ್ ತೀರ್ಮಾನಿಸಿದರು.

ಇಂಥ ನೆನಪಿನ ದೌರ್ಬಲ್ಯಕ್ಕೆ ಪರಿಹಾರವಿದೆ, ಬೇರೆ ದಾರಿಯ ಬೆಂಬಲ ಸಿಕ್ಕರೆ ವರದಿ ಹಸನ್‌ಗೆ ಏರಬಹುದು. ಸುಳ್ಳಿನ ಆರೋಪ ಹೊತ್ತವನ ವರದಿಗೆ ಆ ಪರಿಹಾರವಿಲ್ಲ. ಅಂಥ ಹತ್ತು ದಾರಿಗಳು ಸೇರಿದರೂ ಬಲ ಬರುವುದಿಲ್ಲ, ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಕದ್ದು ತನ್ನ ಸನದ್ ಅಂಟಿಸಿಕೊಂಡಿರಬಹುದು. ಎಷ್ಟು ದೌರ್ಬಲ್ಯದವರೆಗೆ ಬೆಂಬಲ ಕೆಲಸ ಮಾಡುತ್ತದೆ ಎಂಬಲ್ಲಿ ಗಡಿ ಖಚಿತವಿಲ್ಲ. ವುಝೂ ಮಾಡುವಾಗ ಕಿವಿಗಳು ತಲೆಯ ಭಾಗವೆಂದು ಎಣಿಕೆಯಾಗುತ್ತವೆ ಎಂಬ ಹದೀಸಿಗೆ ಹಲವು ದಾರಿಗಳಿದ್ದರೂ ಅದು ಮೇಲೇರದು ಎಂದರು ಇಬ್ನುಸ್ಸಲಾಹ್. ನಂತರ ಬಂದ ಕೆಲವರು ಏರುತ್ತದೆ ಎಂದರು.

ದರ್ಜೆಗಳ ಅರ್ಥವೆಷ್ಟು ಎಂಬುದನ್ನೂ ಇಬ್ನುಸ್ಸಲಾಹ್ ಸ್ಪಷ್ಟವಾಗಿ ಹೇಳಿದ್ದಾರೆ. ಸಹೀಹ್ ಎಂದರೆ ಷರತ್ತುಗಳು ಪೂರೈಸಿವೆ ಎಂದೇ ಹೊರತು ಪ್ರತಿಯೊಂದೂ ಸಂಶಯಾತೀತ ಸತ್ಯವೆಂದಲ್ಲ. ಝಈಫ್ ಎಂದರೆ ಸನದ್ ಷರತ್ತು ಮುಟ್ಟಿಲ್ಲ ಎಂದೇ ಹೊರತು ಮಾತು ಸುಳ್ಳೆಂದಲ್ಲ. ಮರೆವಿನ ಮನುಷ್ಯನೂ ಕೆಲವೊಮ್ಮೆ ಸರಿಯಾಗಿ ಹೇಳುತ್ತಾನೆ. ‘ಸನದ್ ಸಹೀಹ್’ ಎನ್ನುವುದು ‘ಹದೀಸ್ ಸಹೀಹ್’ ಎನ್ನುವುದಕ್ಕಿಂತ ಕಡಿಮೆ ತೂಕದ ಮಾತು ಎಂಬುದೂ ಅವರದೇ ಎಚ್ಚರಿಕೆ, ಸನದ್ ಸರಿಯಿದ್ದೂ ಒಳದೋಷ ಉಳಿದಿರಬಹುದು.

ಆಧುನಿಕ ಇತಿಹಾಸಕಾರರ ಪ್ರಶ್ನೆ ಬೇರೆ ಕಡೆಯಿಂದ ಬಂತು. ಇಗ್ನಾಝ್ ಗೋಲ್ಡ್‌ಝಿಹರ್ 1890ರಲ್ಲಿ, ಜೋಸೆಫ್ ಶಾಖ್ಟ್ 1950ರಲ್ಲಿ, ಅನೇಕ ಹದೀಸುಗಳು ನಂತರದ ಕಾಲದ ವಾದವಿವಾದಗಳಲ್ಲಿ ಹುಟ್ಟಿದವು, ಸನದ್‌ಗಳು ಕಾಲಕ್ರಮದಲ್ಲಿ ಹಿಂದಕ್ಕೆ ಬೆಳೆದವು ಎಂದು ವಾದಿಸಿದರು. ಹರಾಲ್ಡ್ ಮೋಟ್ಸ್ಕಿ ಮುಂತಾದವರು ಸನದ್ ಮತ್ತು ಮತ್ನ್ ಎರಡರ ಪಾಠಾಂತರಗಳನ್ನೂ ಒಟ್ಟಿಗೆ ಹೋಲಿಸಿ, ಕೆಲವು ವರದಿಗಳು ಶಾಖ್ಟ್ ಒಪ್ಪಿದ್ದಕ್ಕಿಂತ ಹಳೆಯವು ಎಂದು ತೋರಿಸಿದರು. ಸನದ್ ಹಿಂದಕ್ಕೆ ಬೆಳೆಯುವ ದೋಷ ಇಬ್ನ್ ಮಈನರಿಗೆ ಅಪರಿಚಿತವಾಗಿರಲಿಲ್ಲ ಎಂಬುದು ಮುಹಮ್ಮದ್ ಇಬ್ನ್ ಅಮ್ರ್ ಪ್ರಕರಣದಿಂದಲೇ ಗೊತ್ತಾಗುತ್ತದೆ. ಅದು ಎಷ್ಟು ವ್ಯಾಪಕ ಎಂಬಲ್ಲಿ ಎರಡು ಪಕ್ಷಗಳ ಅಂದಾಜು ಬೇರೆ.

ತನ್ನ ಕಾಲದವರು ಹೊಸದಾಗಿ ದರ್ಜೆ ಕೊಡುವ ಸಾಹಸಕ್ಕೆ ಇಳಿಯಬಾರದು, ಹಿಂದಿನ ಇಮಾಮರ ತೀರ್ಮಾನಕ್ಕೆ ನಿಲ್ಲಬೇಕು ಎಂದು ಇಬ್ನುಸ್ಸಲಾಹ್ ಬಯಸಿದ್ದರು. ನವವಿ, ಇಬ್ನ್ ಹಜರ್ ಮೊದಲಾದವರು ಅದನ್ನು ಒಪ್ಪಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸ ಮತ್ತೆ ಚುರುಕಾಗಲು ಮುದ್ರಣ ದೊಡ್ಡ ಕಾರಣ, ಅದರಲ್ಲಿ ದಖ್ಖನಿನ ಪಾಲು ಸಣ್ಣದಲ್ಲ. ಬೀದರ್, ಕಲಬುರಗಿ, ರಾಯಚೂರುಗಳನ್ನು ಒಳಗೊಂಡಿದ್ದ ನಿಜಾಮ್ ಸಂಸ್ಥಾನದ ರಾಜಧಾನಿ ಹೈದರಾಬಾದಿನಲ್ಲಿ ದಾಯಿರತುಲ್ ಮಆರಿಫ್ ಸಂಸ್ಥೆ ಬುಖಾರಿಯವರ ಅತ್‌ತಾರೀಖುಲ್ ಕಬೀರ್, ಇಬ್ನ್ ಅಬೀ ಹಾತಿಮರ ಅಲ್‌ಜರಹ್ ವತ್ತಅ್‌ದೀಲ್, ಇಬ್ನ್ ಹಜರರ ತಹ್‌ಝೀಬುತ್ತಹ್‌ಝೀಬ್ ಮುಂತಾದ ವರದಿಗಾರರ ಕೋಶಗಳನ್ನು ಅಚ್ಚುಹಾಕಿಸಿತು. ಹಸ್ತಪ್ರತಿ ಹುಡುಕಿ ಅಲೆಯಬೇಕಿದ್ದ ವಿವರಗಳು ಮೇಜಿನ ಮೇಲೆ ಸಿಗತೊಡಗಿದವು. ಸಿರಿಯಾದ ನಾಸಿರುದ್ದೀನ್ ಅಲ್ಬಾನಿ (ನಿಧನ 1999) ತಿರ್ಮಿದಿ, ಅಬೂ ದಾವೂದ್ ಮುಂತಾದವರ ಸಂಗ್ರಹಗಳನ್ನು ಮತ್ತೆ ಪರೀಕ್ಷಿಸಿ ಸಹೀಹ್, ಝಈಫ್ ಎಂದು ಬೇರೆ ಬೇರೆ ಸಂಪುಟಗಳಾಗಿ ಒಡೆದರು. ದುರ್ಬಲ ದಾರಿಗಳನ್ನು ಕೂಡಿಸಿ ಹಸನ್ ಮಾಡುವುದರಲ್ಲಿ ಅವರು ಉದಾರಿಯಾದರು ಎಂದು ಕೆಲವು ವಿದ್ವಾಂಸರು ಟೀಕಿಸಿದರೆ, ಹಿಂದಿನವರು ಒಪ್ಪಿದ ಹದೀಸುಗಳನ್ನು ಅವರು ತಳ್ಳಿಹಾಕಿದರು ಎಂದು ಇನ್ನು ಕೆಲವರು ಆಕ್ಷೇಪಿಸಿದರು.